ಗ್ರಾಹಕರ ದೂರುಗಳಿಂದಲೇ ಟ್ರೈನಿಂಗ್ ಡೆಕ್ ಕಟ್ಟುವುದು ಹೇಗೆ: ಸಪೋರ್ಟ್ ತಂಡಕ್ಕೆ ಪ್ರಾಡಕ್ಟ್ ಕಲಿಸಲು ಒಂದು ಸಮಗ್ರ ಮಾರ್ಗದರ್ಶಿ

ಸಪೋರ್ಟ್ ತಂಡಕ್ಕೆ ಹೊಸದಾಗಿ ಸೇರಿದವರಿಗೆ ತೋರಿಸುವ ಪ್ರಾಡಕ್ಟ್ ಡೆಕ್ ಸಾಮಾನ್ಯವಾಗಿ ಒಂದೇ ತರ ಇರುತ್ತದೆ. ಮೊದಲು ಪ್ರಾಡಕ್ಟಿನ ಫೋಟೊ, ಆಮೇಲೆ ಫೀಚರ್‌ಗಳ ಪಟ್ಟಿ, ಆಮೇಲೆ ಆ್ಯಪಿನ ಒಂದೊಂದು ಮೆನು. ಎರಡು ಗಂಟೆ ಕೂತು ಕೇಳಿದ ಏಜೆಂಟ್‌ಗೆ ಎಲ್ಲ ಬಟನ್‌ಗಳ ಹೆಸರೂ ಗೊತ್ತಾಗುತ್ತದೆ. ಮಾರನೆಯ ದಿನ ಮೊದಲ ಕರೆ ಬರುತ್ತದೆ: "ನಿನ್ನೆ ತನಕ ಚೆನ್ನಾಗೇ ಇತ್ತು, ಈಗ ಏನೂ ಬರ್ತಿಲ್ಲ." ಇದು ಯಾವ ಮೆನುವಿನ ಕೆಳಗೆ ಬರುತ್ತದೆ ಅಂತ ಏಜೆಂಟ್‌ಗೆ ಗೊತ್ತಾಗುವುದಿಲ್ಲ, ಯಾಕೆಂದರೆ ಡೆಕ್ ಅದನ್ನು ಹೇಳಿಯೇ ಇಲ್ಲ.

ಗ್ರಾಹಕರು ಫೀಚರ್ ಹೆಸರು ಹೇಳಿಕೊಂಡು ಕರೆ ಮಾಡುವುದಿಲ್ಲ. ಕಣ್ಣಿಗೆ ಕಂಡದ್ದನ್ನು ಹೇಳುತ್ತಾರೆ. ಹಾಗಾಗಿ ಡೆಕ್ ಕೂಡ ಅಲ್ಲಿಂದಲೇ ಶುರುವಾಗಬೇಕು. ಗ್ರಾಹಕರು ಹೇಳುವ ಮಾತು, ಅದರ ಹಿಂದೆ ಇರಬಹುದಾದ ಕಾರಣಗಳು, ಆ ಕಾರಣಗಳನ್ನು ಬೇರ್ಪಡಿಸುವ ಒಂದು ಪ್ರಶ್ನೆ: ಒಂದು ಸಮಸ್ಯೆಗೆ ಡೆಕ್‌ನಲ್ಲಿ ಇಷ್ಟು ಇರಬೇಕು. ಉಳಿದದ್ದಕ್ಕೆ ಮ್ಯಾನುಯಲ್ ಇದೆ.

ಮಾತು ಬರೀ ಗಾಳಿಯಲ್ಲಿ ಉಳಿಯಬಾರದು ಅಂತ ಒಂದು ಪ್ರಾಡಕ್ಟ್ ಹಿಡಿದುಕೊಂಡೇ ಹೋಗೋಣ. ಮನೆಯೊಳಗೆ ಇಡುವ ವೈಫೈ ಕ್ಯಾಮೆರಾ. ಮೊಬೈಲ್ ಆ್ಯಪ್‌ನಲ್ಲಿ ನೋಡಬಹುದು, ಯಾರಾದರೂ ಓಡಾಡಿದರೆ ನೋಟಿಫಿಕೇಶನ್ ಬರುತ್ತದೆ, ರೆಕಾರ್ಡಿಂಗ್ ಮೆಮೊರಿ ಕಾರ್ಡಿಗೆ ಹೋಗುತ್ತದೆ. ಇದು 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರುತ್ತದೆ. ಈ ತರದ ಬಹಳಷ್ಟು ಸಾಧನಗಳು ಹಾಗೇ ಇರುತ್ತವೆ. ಕೆಳಗೆ ಕೊಟ್ಟಿರುವ ಟಿಕೆಟ್ ಲೆಕ್ಕಗಳು ವಿಧಾನ ತೋರಿಸಲು ಹಾಕಿಕೊಂಡವು. ನಿಮ್ಮ ಪ್ರಾಡಕ್ಟಿನ ಲೆಕ್ಕ ನಿಮ್ಮ ಟಿಕೆಟ್‌ಗಳಿಂದಲೇ ಬರಬೇಕು.

## ಮೊದಲ ಹೆಜ್ಜೆ: ಟಿಕೆಟ್‌ಗಳನ್ನು ಕೂತು ಓದಿ

"ಜಾಸ್ತಿ ಬರುವ ಸಮಸ್ಯೆ ಯಾವುದು" ಅಂತ ಕೇಳಿದರೆ ಹೆಚ್ಚಿನವರು ಟಿಕೆಟ್ ಸಿಸ್ಟಮ್‌ನ ರಿಪೋರ್ಟ್ ತೆಗೆದು ಕೊಡುತ್ತಾರೆ. ಅದನ್ನು ನೋಡಿ, ಆದರೆ ನಂಬಿ ಕೂರಬೇಡಿ. ಅದರಲ್ಲಿರುವ ಕೆಟಗರಿಗಳನ್ನು ಏಜೆಂಟ್‌ಗಳು ಕರೆ ಮುಗಿಸುವ ಅವಸರದಲ್ಲಿ ಆರಿಸಿರುತ್ತಾರೆ. ಪಟ್ಟಿಯಲ್ಲಿ ಮೊದಲಿಗೆ ಇರುವುದಕ್ಕೂ "ಇತರೆ" ಅನ್ನುವುದಕ್ಕೂ ಜಾಸ್ತಿ ಬೀಳುತ್ತದೆ. "ಕನೆಕ್ಟಿವಿಟಿ ಸಮಸ್ಯೆ" ಅನ್ನುವ ಒಂದೇ ಕೆಟಗರಿಯೊಳಗೆ ಮೊದಲ ದಿನವೇ ಸೇರದ ಕ್ಯಾಮೆರಾ ಇರುತ್ತದೆ, ಆರು ತಿಂಗಳಾದ ಮೇಲೆ ಆಫ್‌ಲೈನ್ ಆದ ಕ್ಯಾಮೆರಾವೂ ಇರುತ್ತದೆ. ಇವೆರಡನ್ನೂ ಸರಿಮಾಡುವ ದಾರಿ ಒಂದೇ ಅಲ್ಲ.

ಕಳೆದ ಮೂರು ತಿಂಗಳ ಟಿಕೆಟ್‌ಗಳನ್ನು ಶೀಟ್‌ಗೆ ತೆಗೆದುಕೊಳ್ಳಿ. ಮಧ್ಯದಲ್ಲಿ ಆ್ಯಪ್ ಪೂರ್ತಿ ಬದಲಾಗಿದ್ದರೆ ಬದಲಾದ ಮೇಲಿನವು ಸಾಕು. ಕರೆ, ಚಾಟ್, ಇಮೇಲ್ ಮೂರೂ ಇರಲಿ. ಚಾಟ್ ಮಾತ್ರ ತೆಗೆದುಕೊಂಡರೆ ಟೈಪ್ ಮಾಡಲು ಇಷ್ಟಪಡದವರ ಸಮಸ್ಯೆ ಪೂರ್ತಿ ಬಿಟ್ಟುಹೋಗುತ್ತದೆ. ಆಮೇಲೆ ಒಂದು ಖಾಲಿ ಕಾಲಮ್‌ನಲ್ಲಿ ಈ ಫಾರ್ಮುಲಾ ಎಳೆಯಿರಿ:

```
=RAND()
```

ಬಂದ ಸಂಖ್ಯೆಗಳನ್ನು ಕಾಪಿ ಮಾಡಿ ಅಲ್ಲೇ ಬರೀ ವ್ಯಾಲ್ಯೂ ಆಗಿ ಪೇಸ್ಟ್ ಮಾಡಿ. ಇಲ್ಲದಿದ್ದರೆ ಶೀಟ್ ಮುಟ್ಟಿದಾಗಲೆಲ್ಲ ಅವು ಬದಲಾಗುತ್ತವೆ. ಆ ಕಾಲಮ್ ಪ್ರಕಾರ ಸಾರ್ಟ್ ಮಾಡಿ ಮೇಲಿನ 200 ಟಿಕೆಟ್ ಇಟ್ಟುಕೊಳ್ಳಿ. ಇಷ್ಟು ಯಾಕೆ ಬೇಕು ಅಂದರೆ, ನಾವಾಗಿ ಆರಿಸಲು ಹೋದರೆ ಕೈ ತಾನಾಗಿ ಜಗಳ ಆದ ಟಿಕೆಟ್‌ಗಳ ಕಡೆಗೇ ಹೋಗುತ್ತದೆ. ಅವು ನೆನಪಿನಲ್ಲಿ ಉಳಿದಿರುತ್ತವೆ, ಆದರೆ ಪದೇಪದೇ ಬರುವವು ಅವೇ ಆಗಿರಬೇಕಿಲ್ಲ.

ಓದುವ ಮೊದಲು ಹೆಸರು, ಫೋನ್ ನಂಬರ್, ವಿಳಾಸ, ಆರ್ಡರ್ ನಂಬರ್ ಇರುವ ಕಾಲಮ್‌ಗಳನ್ನು ತೆಗೆದುಬಿಡಿ. ಕ್ಯಾಮೆರಾ ಅಂದಮೇಲೆ ಗ್ರಾಹಕರು ಕಳಿಸಿದ ಸ್ಕ್ರೀನ್‌ಶಾಟ್‌ನಲ್ಲಿ ಅವರ ಮನೆಯ ಒಳಗೇ ಕಾಣುತ್ತಿರುತ್ತದೆ. ಅಂಥ ಚಿತ್ರ ಯಾವ ಕಾರಣಕ್ಕೂ ಡೆಕ್‌ಗೆ ಹೋಗಬಾರದು. ಮಸುಕು ಮಾಡಿ ಹಾಕುವುದೂ ಬೇಡ. ಅದೇ ದೃಶ್ಯವನ್ನು ಆಫೀಸಿನ ಕ್ಯಾಮೆರಾದಲ್ಲಿ ನೀವೇ ಮಾಡಿ ತೆಗೆಯಿರಿ.

ಈಗ ಪ್ರತಿ ಟಿಕೆಟ್‌ಗೂ ನಾಲ್ಕು ವಿಷಯ ಬರೆದುಕೊಳ್ಳಿ. ಗ್ರಾಹಕರು ಮೊದಲು ಹೇಳಿದ ವಾಕ್ಯ, ಅವರದೇ ಮಾತಿನಲ್ಲಿ. ಕೊನೆಗೆ ಯಾವುದರಿಂದ ಸರಿಹೋಯಿತು. ಅದನ್ನು ನೋಡಿ ನೀವು ಕೊಡುವ ಸಮಸ್ಯೆಯ ಹೆಸರು. ಮತ್ತು ಸರಿಹೋಗುವ ತನಕ ಅವರು ಎಷ್ಟು ಸಲ ನಮ್ಮನ್ನು ಸಂಪರ್ಕಿಸಬೇಕಾಯಿತು. ಮೊದಲ ವಾಕ್ಯವನ್ನು ತಿದ್ದಬೇಡಿ. "ನೆಟ್ ತಗೊಳ್ತಾ ಇಲ್ಲ" ಅಂದಿದ್ದರೆ ಹಾಗೇ ಇರಲಿ. ಮುಂದೆ ಸ್ಲೈಡಿನ ತಲೆಬರಹವೇ ಅದಾಗುತ್ತದೆ.

ಇದು ಇಬ್ಬರು ಕೂತು ಮಾಡುವ ಕೆಲಸ. ಒಬ್ಬರು ಸಪೋರ್ಟ್‌ನಲ್ಲಿ ಪಳಗಿದವರು, ಇನ್ನೊಬ್ಬರು ಡೆಕ್ ಮಾಡುವವರು. ಮೊದಲ 30 ಟಿಕೆಟ್‌ಗಳನ್ನು ಇಬ್ಬರೂ ಬೇರೆಬೇರೆಯಾಗಿ ಓದಿ ಹೆಸರು ಕೊಟ್ಟು ಹೋಲಿಸಿ ನೋಡಿ. ಒಂದೇ ಟಿಕೆಟ್‌ಗೆ ಇಬ್ಬರೂ ಬೇರೆ ಹೆಸರು ಕೊಟ್ಟಿದ್ದರೆ ಆ ಹೆಸರುಗಳೇ ಸ್ಪಷ್ಟವಾಗಿಲ್ಲ ಅಂತ ಅರ್ಥ. ಅಲ್ಲೇ ಸರಿಮಾಡಿಕೊಂಡು ಮುಂದೆ ಹೋಗಿ.

## ಯಾವ ಸಮಸ್ಯೆಗೆ ಡೆಕ್‌ನಲ್ಲಿ ಜಾಗ

ಬರೀ ಟಿಕೆಟ್ ಎಣಿಸಿದರೆ ಸಾಲದು. ಒಂದೇ ಕರೆಯಲ್ಲಿ ಮುಗಿಯುವ ಸಮಸ್ಯೆಯೂ ಮೂರು ಸಲ ಕರೆ ಮಾಡಿಸುವ ಸಮಸ್ಯೆಯೂ ಒಂದೇ ತೂಕದವಲ್ಲ. D ಕಾಲಮ್‌ನಲ್ಲಿ ಸಮಸ್ಯೆಯ ಹೆಸರು, E ಕಾಲಮ್‌ನಲ್ಲಿ ಎಷ್ಟು ಸಲ ಸಂಪರ್ಕಿಸಿದರು ಅನ್ನುವುದು, G ಕಾಲಮ್‌ನಲ್ಲಿ ಸಮಸ್ಯೆಗಳ ಪಟ್ಟಿ ಇದೆ ಅಂದುಕೊಳ್ಳಿ. ಆಗ ಈ ಎರಡು ಫಾರ್ಮುಲಾ ಸಾಕು:

```
=COUNTIF(D:D, G2)
=SUMIF(D:D, G2, E:E)
```

ಮೊದಲನೆಯದು ಎಷ್ಟು ಗ್ರಾಹಕರಿಗೆ ಈ ಸಮಸ್ಯೆ ಬಂತು ಅಂತ ಹೇಳುತ್ತದೆ. ಎರಡನೆಯದು ಅದರಿಂದ ತಂಡದ ಮೇಲೆ ಒಟ್ಟು ಎಷ್ಟು ಕೆಲಸ ಬಿತ್ತು ಅಂತ ಹೇಳುತ್ತದೆ. ನಮ್ಮ ಕ್ಯಾಮೆರಾದ ಉದಾಹರಣೆಯಲ್ಲಿ ಲೆಕ್ಕ ಹೀಗೆ ಬಂತು ಅನ್ನೋಣ:

| ಗ್ರಾಹಕರ ಮಾತು | ಟಿಕೆಟ್ | ಒಟ್ಟು ಸಂಪರ್ಕ |
|---|---|---|
| ವೈಫೈಗೆ ಸೇರ್ತಾನೇ ಇಲ್ಲ | 46 | 92 |
| ಆಗಾಗ ಆಫ್‌ಲೈನ್ ಆಗುತ್ತೆ | 38 | 57 |
| ನೋಟಿಫಿಕೇಶನ್ ಬರಲ್ಲ | 31 | 34 |
| ರೆಕಾರ್ಡಿಂಗ್ ಮಾಯ ಆಗಿದೆ | 27 | 54 |
| ರಾತ್ರಿ ಪೂರ್ತಿ ಬಿಳಿ ಕಾಣುತ್ತೆ | 9 | 10 |

ಟಿಕೆಟ್ ಲೆಕ್ಕದಲ್ಲಿ ನೋಟಿಫಿಕೇಶನ್ ಸಮಸ್ಯೆ ರೆಕಾರ್ಡಿಂಗ್‌ಗಿಂತ ಮುಂದಿದೆ. ಕೆಲಸದ ಲೆಕ್ಕದಲ್ಲಿ ರೆಕಾರ್ಡಿಂಗ್ ತುಂಬ ಮುಂದಿದೆ, ಯಾಕೆಂದರೆ ಪ್ರತಿಯೊಬ್ಬರೂ ಸರಾಸರಿ ಎರಡು ಸಲ ಬಂದಿದ್ದಾರೆ. ಅಂದರೆ ಮೊದಲ ಸಲ ಕೊಟ್ಟ ಉತ್ತರ ಅವರಿಗೆ ಒಪ್ಪಿಗೆಯಾಗಿಲ್ಲ ಅಥವಾ ಅದು ಸರಿಯೇ ಇರಲಿಲ್ಲ. ಟ್ರೈನಿಂಗ್ ನಿಜವಾಗಿ ಬೇಕಾಗಿರುವುದು ಇಂಥ ಕಡೆ.

ಕೊನೆಯ ಸಾಲು ನೋಡಿ. ಬರೀ 9 ಟಿಕೆಟ್. ಬಿಟ್ಟುಬಿಡೋಣ ಅನಿಸುತ್ತದೆ ಅಲ್ವಾ? ಆದರೆ ಅವುಗಳ ಕೊನೆಯಲ್ಲಿ "ಹೊಸ ಕ್ಯಾಮೆರಾ ಕಳಿಸಲಾಗಿದೆ" ಅಂತ ಬರೆದಿದ್ದರೆ ಬಿಡಬೇಡಿ. ಕಿಟಕಿ ಗಾಜಿನ ಒಳಗಡೆಯಿಂದ ಹೊರಗೆ ಮುಖ ಮಾಡಿ ಇಟ್ಟ ಕ್ಯಾಮೆರಾದಲ್ಲಿ ರಾತ್ರಿ ಅದರದೇ ಇನ್‌ಫ್ರಾರೆಡ್ ಬೆಳಕು ಗಾಜಿಗೆ ಬಡಿದು ವಾಪಸ್ ಬಂದು ಚಿತ್ರ ಬಿಳಿಯಾಗಿ ಕಾಣಿಸುತ್ತದೆ. ಹೊಸ ಕ್ಯಾಮೆರಾ ಕಳಿಸಿದರೂ ಅಲ್ಲಿ ಇಟ್ಟರೆ ಹಾಗೇ ಕಾಣುತ್ತದೆ. "ಕ್ಯಾಮೆರಾದ ಮುಂದೆ ಗಾಜು ಇದೆಯಾ?" ಅನ್ನುವ ಒಂದು ಪ್ರಶ್ನೆ ಸುಮ್ನೆ ಹೋಗುವ ಆ ಖರ್ಚನ್ನು ಉಳಿಸುತ್ತದೆ. ಇದಕ್ಕೆ ಒಂದೇ ಸ್ಲೈಡ್ ಸಾಕು.

ಒಂದು ಡೆಕ್‌ಗೆ ಐದು ಸಮಸ್ಯೆ, ಹೆಚ್ಚೆಂದರೆ ಆರು. ಡೆಲಿವರಿ ತಡವಾದದ್ದು, ಹಣ ವಾಪಸ್ ಬರದಿರುವುದು ಪಟ್ಟಿಯ ಮೇಲೇ ಇರಬಹುದು, ಆದರೆ ಅವು ಪ್ರಾಡಕ್ಟ್ ಟ್ರೈನಿಂಗ್‌ಗೆ ಸೇರಿದವಲ್ಲ. ಮುಂದಿನ ವಾರ ಸರಿಹೋಗಲಿರುವ ಆ್ಯಪ್ ದೋಷವೂ ಬೇಡ. ಅದಕ್ಕೆ ತಂಡಕ್ಕೊಂದು ಮೆಸೇಜ್ ಹಾಕಿದರೆ ಆಯ್ತು.

## ಕಾರಣಗಳನ್ನು ನಿಮ್ಮ ಕೈಯಿಂದಲೇ ಮಾಡಿ ನೋಡಿ

ಟಿಕೆಟ್‌ನಲ್ಲಿ "ರೀಸೆಟ್ ಮಾಡಿಸಿದೆ, ಸರಿಹೋಯ್ತು" ಅಂತ ಬರೆದಿರುತ್ತದೆ. ಅದು ಕಾರಣವಲ್ಲ. ರೀಸೆಟ್ ಆದಮೇಲೆ ಗ್ರಾಹಕರು ಪಾಸ್‌ವರ್ಡ್ ಮತ್ತೆ ಹಾಕಿದ್ದಾರೆ, ಈ ಸಲ ಸರಿಯಾಗಿ ಹಾಕಿದ್ದಾರೆ. ನಿಜವಾದ ಕಾರಣ ಅದಾಗಿರಬಹುದು. ಡೆಕ್‌ನಲ್ಲಿ "ರೀಸೆಟ್ ಮಾಡಿಸಿ" ಅಂತ ಬರೆದರೆ ಇಡೀ ತಂಡ ಎಲ್ಲದಕ್ಕೂ ರೀಸೆಟ್ ಹೇಳಲು ಶುರು ಮಾಡುತ್ತದೆ.

ಆದ್ದರಿಂದ ಪ್ರಾಡಕ್ಟ್ ತಂಡದ ಒಬ್ಬರ ಜೊತೆ ಕೂತು ಪ್ರತಿ ಕಾರಣವನ್ನೂ ಬೇಕಂತಲೇ ಮಾಡಿ ನೋಡಿ. ಒಂದು ಕ್ಯಾಮೆರಾ, ಒಂದು ರೂಟರ್, ಒಂದು ಆಂಡ್ರಾಯ್ಡ್ ಫೋನ್, ಒಂದು ಐಫೋನ್ ಇದ್ದರೆ ಸಾಕು. ಪಾಸ್‌ವರ್ಡ್‌ನಲ್ಲಿ ಒಂದು ಅಕ್ಷರ ತಪ್ಪು ಹಾಕಿ. ರೂಟರ್‌ನಲ್ಲಿ 2.4 ಆಫ್ ಮಾಡಿ 5 ಗಿಗಾಹರ್ಟ್ಸ್ ಮಾತ್ರ ಇಡಿ. ಲೆನ್ಸ್ ಮೇಲಿನ ಪ್ಲಾಸ್ಟಿಕ್ ಹಾಳೆ ತೆಗೆಯದೆ ಬಿಡಿ. ಪ್ರತಿ ಸಲವೂ ಲೈಟ್ ಯಾವ ಬಣ್ಣಕ್ಕೆ ತಿರುಗಿತು, ಶಬ್ದ ಬಂತಾ, ಆ್ಯಪ್ ಪರದೆಯಲ್ಲಿ ಏನು ಬರೆದಿತ್ತು, ಎಷ್ಟು ಹೊತ್ತು ಕಾದಮೇಲೆ ಬಂತು ಅಂತ ಬರೆದುಕೊಳ್ಳಿ. ಸ್ಕ್ರೀನ್‌ಶಾಟ್‌ಗಳೂ ಈಗಲೇ ತೆಗೆಯಿರಿ.

ಇಲ್ಲೊಂದು ವಿಷಯ ಕಾಣಿಸುತ್ತದೆ. ಬೇರೆಬೇರೆ ಕಾರಣಕ್ಕೂ ಆ್ಯಪ್ ಒಂದೇ ಸಂದೇಶ ತೋರಿಸುತ್ತದೆ. ತಪ್ಪು ಪಾಸ್‌ವರ್ಡ್‌ಗೂ 5 ಗಿಗಾಹರ್ಟ್ಸ್‌ಗೂ "ಕನೆಕ್ಷನ್ ವಿಫಲ" ಅಂತಷ್ಟೇ. ಸಂದೇಶ ಕೇಳಿಕೊಂಡು ಕಾರಣ ಹೇಳಲು ಆಗುವುದಿಲ್ಲ ಅನ್ನುವುದು ನಿಮಗೆ ಕಣ್ಣಾರೆ ಕಂಡಿರುತ್ತದೆ. ಹಾಗಾದರೆ ಏಜೆಂಟ್ ಏನು ಕೇಳಬೇಕು? ಅದೇ ಡೆಕ್‌ನ ತಿರುಳು.

## ಒಂದು ಸಮಸ್ಯೆಯ ಸ್ಲೈಡ್‌ಗಳು: "ವೈಫೈಗೆ ಸೇರ್ತಾನೇ ಇಲ್ಲ"

ಒಂದು ಸಮಸ್ಯೆಗೆ ಐದು ಸ್ಲೈಡ್ ಇಟ್ಟುಕೊಳ್ಳುವುದು ನನಗೆ ಸರಿಯಾಗಿ ಕಾಣುತ್ತದೆ. ಎಲ್ಲ ಸಮಸ್ಯೆಗೂ ಅದೇ ಕ್ರಮ ಇದ್ದರೆ ಏಜೆಂಟ್‌ಗಳ ತಲೆಯಲ್ಲಿ ಕ್ರಮವೂ ಕೂರುತ್ತದೆ.

ಮೊದಲ ಸ್ಲೈಡ್ ಪೂರ್ತಿ ಗ್ರಾಹಕರ ಮಾತು. ಟಿಕೆಟ್‌ಗಳಿಂದ ಆಯ್ದ ಮೂರು ವಾಕ್ಯ, ದೊಡ್ಡ ಅಕ್ಷರದಲ್ಲಿ. "ಕ್ಯೂಆರ್ ಕೋಡ್ ತೋರಿಸಿದ್ರೂ ಸುಮ್ನೆ ಇದೆ." "ಪಾಸ್‌ವರ್ಡ್ ಸರಿ ಇದೆ, ಫೋನ್‌ನಲ್ಲಿ ಅದೇ ವೈಫೈ ಬರ್ತಿದೆ." "ನೂರು ಪರ್ಸೆಂಟ್ ತನಕ ಹೋಗಿ ವಿಫಲ ಅಂತ ಬರುತ್ತೆ." ಬೇರೇನೂ ಬೇಡ. ಮೂರನ್ನೂ ಓದಿ ಹೇಳಿ, ಇವು ಒಂದೇ ಸಮಸ್ಯೆಯಾ ಅಂತ ತರಗತಿಯಲ್ಲಿ ಕೇಳಿ. ಹೆಚ್ಚಿನವರು ಹೌದು ಅನ್ನುತ್ತಾರೆ. ಮೂರೂ ಬೇರೆ.

ಎರಡನೇ ಸ್ಲೈಡ್ ಏನು ನಡೆಯುತ್ತಿದೆ ಅನ್ನುವ ಚಿತ್ರ. ಫೋನ್, ಕ್ಯಾಮೆರಾ, ರೂಟರ್, ಸರ್ವರ್: ನಾಲ್ಕು ಚೌಕ, ಮೂರು ಬಾಣ. ಫೋನ್ ಪರದೆಯ ಕ್ಯೂಆರ್ ಕೋಡ್‌ನಲ್ಲಿ ವೈಫೈ ಹೆಸರು ಮತ್ತು ಪಾಸ್‌ವರ್ಡ್ ಇರುತ್ತದೆ. ಕ್ಯಾಮೆರಾ ಅದನ್ನು ತನ್ನ ಲೆನ್ಸ್‌ನಿಂದ ಓದುತ್ತದೆ. ಓದಿದ ಮೇಲೆ ರೂಟರ್‌ಗೆ ಸೇರುತ್ತದೆ. ಸೇರಿದ ಮೇಲೆ ಸರ್ವರ್‌ಗೆ ಹೋಗಿ ಈ ಗ್ರಾಹಕರ ಖಾತೆಗೆ ಜೋಡಣೆಯಾಗುತ್ತದೆ. ಏಜೆಂಟ್‌ಗೆ ಇದಕ್ಕಿಂತ ಆಳವಾದ ತಾಂತ್ರಿಕ ಜ್ಞಾನ ಬೇಡ. ಆದರೆ ಇಷ್ಟು ಮಾತ್ರ ಬೇಕೇ ಬೇಕು, ಯಾಕೆಂದರೆ ಮುಂದಿನ ಎಲ್ಲ ಪ್ರಶ್ನೆಯೂ "ಯಾವ ಬಾಣದಲ್ಲಿ ನಿಂತಿತು" ಅನ್ನುವುದೇ.

ಮೂರನೇ ಸ್ಲೈಡ್ ಬೇರ್ಪಡಿಸುವ ಪ್ರಶ್ನೆ. ಒಂದೇ ಒಂದು. ನಮ್ಮ ಉದಾಹರಣೆಯ ಕ್ಯಾಮೆರಾ ಕೋಡ್ ಓದಿದ ಕೂಡಲೇ ಬೀಪ್ ಅನ್ನುತ್ತದೆ, ರೂಟರ್‌ಗೆ ಸೇರಿದರೆ ಕೆಂಪು ಲೈಟ್ ನೀಲಿಯಾಗುತ್ತದೆ. ಹಾಗಾಗಿ ಪ್ರಶ್ನೆ: "ಕೋಡ್ ತೋರಿಸಿದಾಗ ಬೀಪ್ ಶಬ್ದ ಬಂತಾ? ಬಂದಮೇಲೆ ಲೈಟ್ ಯಾವ ಬಣ್ಣ ಇದೆ?" ಇದಕ್ಕೆ ಗ್ರಾಹಕರು ಏನೂ ತಿಳಿದಿರಬೇಕಿಲ್ಲ. ಕಿವಿ, ಕಣ್ಣು ಸಾಕು. "ನಿಮ್ಮ ರೂಟರ್ ಯಾವ ಬ್ಯಾಂಡ್‌ನಲ್ಲಿದೆ?" ಅಂತ ಕೇಳಿದರೆ ಬರುವ ಉತ್ತರ ಬರೀ ಊಹೆ. ಒಳ್ಳೆಯ ಪ್ರಶ್ನೆಯನ್ನು ಗುರುತಿಸುವುದು ಹೀಗೆ: ಕರೆಯಲ್ಲಿ ಇರುವವರು ಕೂತ ಜಾಗದಿಂದಲೇ ನೋಡಿ ಉತ್ತರ ಹೇಳಬಹುದು, ಮತ್ತು ಆ ಉತ್ತರದಿಂದ ಕನಿಷ್ಠ ಒಂದು ಕಾರಣ ಪಟ್ಟಿಯಿಂದ ಹೊರಗೆ ಹೋಗುತ್ತದೆ.

ನಾಲ್ಕನೇ ಸ್ಲೈಡ್ ಕವಲುಗಳು. ಮೂರೇ ಕವಲು.

ಬೀಪ್ ಬಂದಿಲ್ಲ ಅಂದರೆ ಕ್ಯಾಮೆರಾ ಕೋಡ್ ಓದಿಲ್ಲ. ವೈಫೈ ಮಾತೇ ಇಲ್ಲಿ ಬರುವುದಿಲ್ಲ. ಲೆನ್ಸ್ ಮೇಲಿನ ಹಾಳೆ ತೆಗೆದಿದ್ದಾರಾ, ಫೋನ್ ಪರದೆ ಸಾಕಷ್ಟು ಬೆಳಗಿದೆಯಾ, ಫೋನ್ ತೀರಾ ಹತ್ತಿರ ಹಿಡಿದಿದ್ದಾರಾ ಅಂತ ನೋಡಬೇಕು. ಲೆನ್ಸ್‌ಗೆ ಅಂಟಿಸಿದಂತೆ ಹಿಡಿದರೆ ಫೋಕಸ್ ಆಗುವುದಿಲ್ಲ. ಮೆಲ್ಲಗೆ ಹಿಂದಕ್ಕೆ ತರಲು ಹೇಳಬೇಕು.

ಬೀಪ್ ಬಂತು, ಲೈಟ್ ಕೆಂಪಾಗಿಯೇ ಇದೆ ಅಂದರೆ ಕ್ಯಾಮೆರಾಗೆ ರೂಟರ್ ಸಿಕ್ಕಿಲ್ಲ ಅಥವಾ ರೂಟರ್ ಒಳಗೆ ಬಿಟ್ಟಿಲ್ಲ. ಪಾಸ್‌ವರ್ಡ್ ತಪ್ಪು, 5 ಗಿಗಾಹರ್ಟ್ಸ್‌ಗೆ ಮಾತ್ರ ಇರುವ ವೈಫೈ ಹೆಸರು, ಹಳೆಯ ಸಾಧನಗಳನ್ನು ಸೇರಿಸಿಕೊಳ್ಳದಂತೆ `WPA3` ಅನ್ನುವ ಹೊಸ ವೈಫೈ ಭದ್ರತೆ ಮಾತ್ರ ಇಟ್ಟಿರುವ ರೂಟರ್: ಈ ಮೂರೇ ಮುಖ್ಯ. "ಫೋನ್‌ನಲ್ಲಿ ಅದೇ ವೈಫೈ ಬರ್ತಿದೆ" ಅನ್ನುವ ಮಾತು ಏಜೆಂಟ್‌ಗಳನ್ನು ದಾರಿ ತಪ್ಪಿಸುವುದು ಇಲ್ಲೇ. ಫೋನ್ 5 ಗಿಗಾಹರ್ಟ್ಸ್‌ಗೂ ಸೇರುತ್ತದೆ, `WPA3`ಗೂ ಸೇರಬಲ್ಲದು. ಅದರಿಂದ ಕ್ಯಾಮೆರಾ ಸೇರಬಲ್ಲದು ಅಂತ ಆಗುವುದಿಲ್ಲ. ಫೋನ್‌ನಲ್ಲಿ ಪಾಸ್‌ವರ್ಡ್ ಯಾವತ್ತೋ ಸೇವ್ ಆಗಿರುತ್ತದೆ, ಈಗ ಆ್ಯಪ್‌ನಲ್ಲಿ ಟೈಪ್ ಮಾಡಿದ್ದು ಬೇರೆಯೇ ಇರಬಹುದು. ಪಾಸ್‌ವರ್ಡ್ ಕಾಣಿಸುವ ಕಣ್ಣಿನ ಗುರುತು ಒತ್ತಿ ನೋಡಿಕೊಳ್ಳಲು ಹೇಳಿ. ಅದನ್ನು ಕರೆಯಲ್ಲಿ ಜೋರಾಗಿ ಓದಿ ಹೇಳಲು ಮಾತ್ರ ಯಾವತ್ತೂ ಕೇಳಬಾರದು. ಇದೂ ಸ್ಲೈಡ್ ಮೇಲೆ ಇರಲಿ.

ಲೈಟ್ ನೀಲಿಯಾಯಿತು, ಆ್ಯಪ್ ಮಾತ್ರ ವಿಫಲ ಅನ್ನುತ್ತಿದೆ ಅಂದರೆ ವೈಫೈ ಕೆಲಸ ಮುಗಿದಿದೆ. ರೂಟರ್‌ಗೆ ಇಂಟರ್ನೆಟ್ ಬರುತ್ತಿಲ್ಲ, ಇಲ್ಲವೇ ಈ ಕ್ಯಾಮೆರಾ ಬೇರೆಯವರ ಖಾತೆಗೆ ಜೋಡಣೆಯಾಗಿಯೇ ಇದೆ. ಮನೆಯ ಇನ್ನೊಬ್ಬರು ಮೊದಲೇ ಸೇರಿಸಿದ್ದಾರಾ, ಕ್ಯಾಮೆರಾ ಬೇರೆಯವರಿಂದ ಕೊಂಡದ್ದಾ ಅಂತ ಕೇಳಬೇಕು. ಇಲ್ಲಿ ರೀಸೆಟ್ ಮಾಡಿಸಿ ಏನೂ ಪ್ರಯೋಜನ ಇಲ್ಲ. ಹಳೆಯ ಖಾತೆಯಿಂದ ತೆಗೆಯಬೇಕು. ಅದು ಹಳೆಯ ಮಾಲೀಕರು ಮಾತ್ರ ಮಾಡಬಹುದಾದ ಕೆಲಸ. ಏಜೆಂಟ್ ತಾನಾಗಿ ತೆಗೆಯಲು ಹೋಗಬಾರದು, ಕದ್ದ ಕ್ಯಾಮೆರಾವೂ ಇದೇ ತರ ಕಾಣಿಸುತ್ತದೆ.

ಐದನೇ ಸ್ಲೈಡ್ ಯಾವಾಗ ಮುಂದಕ್ಕೆ ಕಳಿಸಬೇಕು ಅನ್ನುವುದು. ಎರಡನೇ ಕವಲಿನಲ್ಲಿ ಎಲ್ಲ ನೋಡಿದರೂ ಆಗದಿದ್ದರೆ ಕೊನೆಯ ಪರೀಕ್ಷೆ ಒಂದಿದೆ. ಇನ್ನೊಂದು ಫೋನ್‌ನಲ್ಲಿ ಹಾಟ್‌ಸ್ಪಾಟ್ ಆನ್ ಮಾಡಿಸಿ, 2.4 ಗಿಗಾಹರ್ಟ್ಸ್‌ಗೆ ಹಾಕಿಸಿ, ಕ್ಯಾಮೆರಾವನ್ನು ಅದಕ್ಕೆ ಸೇರಿಸಿ ನೋಡುವುದು. ಐಫೋನ್ 12 ಮತ್ತು ಅದರ ನಂತರದವುಗಳಲ್ಲಿ ಹಾಟ್‌ಸ್ಪಾಟ್ ಪರದೆಯ `Maximize Compatibility` ಆನ್ ಮಾಡಿದರೆ 2.4ಕ್ಕೆ ಬರುತ್ತದೆ. ಕ್ಯಾಮೆರಾ ಹಾಟ್‌ಸ್ಪಾಟ್‌ಗೆ ಸೇರಿದರೆ ಕ್ಯಾಮೆರಾ ಚೆನ್ನಾಗಿದೆ, ಸಮಸ್ಯೆ ರೂಟರ್‌ನದು. ಸೇರದಿದ್ದರೆ ಬದಲಿ ಕಳಿಸಲು ಬರೆಯಬಹುದು. ಟಿಕೆಟ್‌ನಲ್ಲಿ ಏನು ಬರೆದು ಕಳಿಸಬೇಕು ಅನ್ನುವುದನ್ನೂ ಇಲ್ಲೇ ತೋರಿಸಿ: ಬೀಪ್ ಬಂತಾ, ಲೈಟ್ ಬಣ್ಣ, ಹಾಟ್‌ಸ್ಪಾಟ್ ಪರೀಕ್ಷೆಯ ಫಲ. "ಎಲ್ಲ ಪ್ರಯತ್ನಿಸಲಾಗಿದೆ" ಅನ್ನುವುದರಿಂದ ಮುಂದಿನವರಿಗೆ ಏನೂ ತಿಳಿಯುವುದಿಲ್ಲ. ಗ್ರಾಹಕರು ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಸ್ಲೈಡ್ ಮೇಲೆ ಇಷ್ಟೆಲ್ಲ ವಾಕ್ಯ ಬರೆಯಬೇಡಿ. ಕವಲಿನ ಚಿತ್ರ ಮತ್ತು ನಾಲ್ಕೈದು ಪದ ಸಾಕು. ವಿವರಣೆ ಕೆಳಗಿನ ಸ್ಪೀಕರ್ ನೋಟ್ಸ್‌ನಲ್ಲಿ ಇರಲಿ. ನಾಳೆ ಬೇರೆಯವರು ಈ ಡೆಕ್ ಹಿಡಿದು ಕಲಿಸಬೇಕಾದರೆ ಅವರಿಗೆ ನೋಟ್ಸ್ ಬೇಕಾಗುತ್ತದೆ.

## ಉಳಿದ ಸಮಸ್ಯೆಗಳ ಪ್ರಶ್ನೆಗಳು

ಕ್ರಮ ಅದೇ ಆದ್ದರಿಂದ ಇಲ್ಲಿ ಬೇರ್ಪಡಿಸುವ ಪ್ರಶ್ನೆಗಳನ್ನಷ್ಟೇ ನೋಡೋಣ.

ನೋಟಿಫಿಕೇಶನ್ ಬರುವುದಿಲ್ಲ ಅಂದವರಿಗೆ: "ಆ್ಯಪ್ ತೆರೆದು ಘಟನೆಗಳ ಪಟ್ಟಿ ನೋಡಿ, ಇವತ್ತಿನದು ಏನಾದರೂ ಇದೆಯಾ?" ಇದ್ದರೆ ಕ್ಯಾಮೆರಾ ತನ್ನ ಕೆಲಸ ಮಾಡಿದೆ, ತಡೆ ಇರುವುದು ಫೋನ್‌ನಲ್ಲಿ. ಆಂಡ್ರಾಯ್ಡ್ 13ರಿಂದ ಈಚೆಗೆ ಆ್ಯಪ್‌ಗಳು ನೋಟಿಫಿಕೇಶನ್‌ಗೆ ಅನುಮತಿ ಕೇಳಲೇಬೇಕು. ಗ್ರಾಹಕರು ಆ ದಿನ ಬೇಡ ಅಂದಿರಬಹುದು. ಬ್ಯಾಟರಿ ಉಳಿಸುವ ಸೆಟ್ಟಿಂಗ್ ಆ್ಯಪನ್ನು ಹಿಂದೆ ಓಡಲು ಬಿಡದೆಯೂ ಇರಬಹುದು. ಪಟ್ಟಿ ಖಾಲಿಯಿದ್ದರೆ ಫೋನ್ ಮುಟ್ಟಬೇಕಿಲ್ಲ. ಕ್ಯಾಮೆರಾದಲ್ಲಿ ಚಲನೆ ಗುರುತಿಸುವುದು ಆಫ್ ಇದೆಯಾ, ರಾತ್ರಿ ಮಾತ್ರ ಅಂತ ವೇಳೆ ಹಾಕಿದ್ದಾರಾ ಅಂತ ನೋಡಬೇಕು.

ಆಗಾಗ ಆಫ್‌ಲೈನ್ ಆಗುತ್ತದೆ ಅಂದವರಿಗೆ: "ಯಾವ ಹೊತ್ತಿನಲ್ಲಿ ಆಗುತ್ತದೆ?" ದಿನವೂ ಕತ್ತಲಾದಮೇಲೆ ಅಂದರೆ ಅಡಾಪ್ಟರ್ ಕಡೆ ನೋಡಿ. ಕತ್ತಲಾದಾಗ ಇನ್‌ಫ್ರಾರೆಡ್ ದೀಪಗಳು ಹೊತ್ತಿಕೊಂಡು ಕ್ಯಾಮೆರಾಗೆ ಜಾಸ್ತಿ ಕರೆಂಟ್ ಬೇಕಾಗುತ್ತದೆ. ಜೊತೆಗೆ ಬಂದ ಅಡಾಪ್ಟರ್ ಬಿಟ್ಟು ಸಣ್ಣ ಚಾರ್ಜರ್ ಅಥವಾ ಉದ್ದದ ತೆಳು ಕೇಬಲ್ ಹಾಕಿದ್ದರೆ ಅದು ಸಾಲದೆ ಕ್ಯಾಮೆರಾ ರೀಸ್ಟಾರ್ಟ್ ಆಗುತ್ತಿರುತ್ತದೆ. ಹೊತ್ತು ಗೊತ್ತಿಲ್ಲದೆ ಆಗುತ್ತಿದ್ದರೆ ರೂಟರ್‌ನಿಂದ ದೂರ ಎಷ್ಟು ಅಂತ ಕೇಳಿ. ಒಮ್ಮೆ ಹೋದದ್ದು ಮತ್ತೆ ಬಂದೇ ಇಲ್ಲ ಅಂದರೆ ವೈಫೈ ಹೆಸರು ಅಥವಾ ಪಾಸ್‌ವರ್ಡ್ ಬದಲಾಯಿಸಿದ್ದಾರಾ ಅಂತ ಕೇಳಿ.

ರೆಕಾರ್ಡಿಂಗ್ ಮಾಯವಾಗಿದೆ ಅಂದವರಿಗೆ: "ಹೊಸದು ಇದೆಯಾ, ಹಳೆಯದು ಮಾತ್ರ ಇಲ್ಲವಾ?" ಹೊಸದೂ ಇಲ್ಲ ಅಂದರೆ ಕಾರ್ಡ್ ಕೆಟ್ಟಿರಬಹುದು ಅಥವಾ ಕ್ಯಾಮೆರಾ ಒಪ್ಪದ ಫಾರ್ಮ್ಯಾಟ್‌ನಲ್ಲಿ ಇರಬಹುದು. 32 ಜಿಬಿ ತನಕದ ಕಾರ್ಡ್‌ಗಳು ಸಾಮಾನ್ಯವಾಗಿ `FAT32`ನಲ್ಲಿ, ಅದಕ್ಕಿಂತ ದೊಡ್ಡವು `exFAT`ನಲ್ಲಿ ಬರುತ್ತವೆ. ಎರಡರಲ್ಲಿ ಒಂದನ್ನು ಮಾತ್ರ ಓದುವ ಕ್ಯಾಮೆರಾಗಳಿವೆ, ನಿಮ್ಮದು ಯಾವುದನ್ನು ಓದುತ್ತದೆ ಅಂತ ಸ್ಲೈಡ್‌ನಲ್ಲಿ ಬರೆಯಿರಿ. ಹಳೆಯದು ಮಾತ್ರ ಇಲ್ಲ ಅಂದರೆ ಅದು ದೋಷವೇ ಅಲ್ಲ. ಕಾರ್ಡ್ ತುಂಬಿದ ಮೇಲೆ ಹಳೆಯದರ ಮೇಲೆ ಹೊಸದು ಬರೆಯುತ್ತ ಹೋಗುತ್ತದೆ.

ಈ ಕೊನೆಯದಕ್ಕೆ ಒಂದು ಲೆಕ್ಕ ಡೆಕ್‌ನಲ್ಲಿ ಇರಲೇಬೇಕು. ಸೆಕೆಂಡಿಗೆ 1 ಮೆಗಾಬಿಟ್‌ನಂತೆ ದಿನಪೂರ್ತಿ ರೆಕಾರ್ಡ್ ಮಾಡಿದರೆ ಒಂದು ದಿನಕ್ಕೆ ಸುಮಾರು 10.8 ಜಿಬಿ ಆಗುತ್ತದೆ. ಅಂದರೆ 32 ಜಿಬಿ ಕಾರ್ಡ್ ಮೂರು ದಿನವೂ ಬರುವುದಿಲ್ಲ. ಗ್ರಾಹಕರು ಕಳೆದ ತಿಂಗಳದ್ದು ಹುಡುಕುತ್ತಿದ್ದಾರೆ. ಸರಾಸರಿ ಎರಡು ಸಲ ಕರೆ ಬರುತ್ತಿದ್ದದ್ದು ಇದಕ್ಕೇ. ಮೊದಲ ಏಜೆಂಟ್ ಕಾರ್ಡ್ ಫಾರ್ಮ್ಯಾಟ್ ಮಾಡಿಸಿ ಕಳಿಸಿದ್ದಾರೆ, ಉಳಿದಿದ್ದ ಮೂರು ದಿನದ್ದೂ ಹೋಗಿದೆ. ಹಾಗಾಗಿ ಆ ಸ್ಲೈಡ್ ಮೇಲೆ ದಪ್ಪ ಅಕ್ಷರದಲ್ಲಿ ಬರೆಯಿರಿ: ಈ ಪ್ರಶ್ನೆ ಕೇಳುವ ಮೊದಲು ಫಾರ್ಮ್ಯಾಟ್ ಮಾಡಿಸಬೇಡಿ.

## ತರಗತಿಯಲ್ಲಿ

ಎಲ್ಲ ಸಮಸ್ಯೆಯನ್ನೂ ಒಂದೇ ದಿನ ಮುಗಿಸಲು ಹೋಗಬೇಡಿ. ದಿನಕ್ಕೆ ಎರಡು, ಒಂದೊಂದಕ್ಕೆ ಮುಕ್ಕಾಲು ಗಂಟೆ. ಅದರಲ್ಲಿ ಸ್ಲೈಡ್‌ಗೆ 15 ನಿಮಿಷ, ಉಳಿದದ್ದು ಅಭ್ಯಾಸಕ್ಕೆ. ಮೇಜಿನ ಮೇಲೆ ಕ್ಯಾಮೆರಾ ಇರಲಿ. ಬೀಪ್ ಕೇಳಿರದ ಏಜೆಂಟ್ "ಬೀಪ್ ಬಂತಾ" ಅಂತ ಕೇಳುವ ದನಿಯಲ್ಲಿ ಧೈರ್ಯ ಇರುವುದಿಲ್ಲ.

ಅಭ್ಯಾಸಕ್ಕೆ ಇಬ್ಬಿಬ್ಬರನ್ನು ಬೆನ್ನು ತಿರುಗಿಸಿ ಕೂರಿಸಿ. ಒಬ್ಬರು ಗ್ರಾಹಕರು. ಅವರ ಕೈಯಲ್ಲಿ ಒಂದು ಚೀಟಿ, ಅದರಲ್ಲಿ ಮೊದಲ ವಾಕ್ಯ, ಕಾಣುತ್ತಿರುವುದೇನು, ಕೇಳಿದರೆ ಮಾತ್ರ ಹೇಳಬೇಕಾದ್ದೇನು ಅಂತ ಇರುತ್ತದೆ. ಒಂದು ಚೀಟಿ ಹೀಗಿರಬಹುದು:

ಮೊದಲ ಮಾತು: "ಪಾಸ್‌ವರ್ಡ್ ಸರಿ ಇದೆ ರೀ, ಫೋನ್‌ನಲ್ಲಿ ವೈಫೈ ಬರ್ತಿದೆ, ನಿಮ್ಮ ಕ್ಯಾಮೆರಾನೇ ಸರಿ ಇಲ್ಲ." ಕಾಣುವುದು: ಬೀಪ್ ಬಂತು, ಲೈಟ್ ಕೆಂಪು. ಕೇಳಿದರೆ ಮಾತ್ರ: ಮನೆಯಲ್ಲಿ ಎರಡು ವೈಫೈ ಹೆಸರಿವೆ, ಒಂದರ ಕೊನೆಯಲ್ಲಿ `5G` ಅಂತ ಇದೆ, ನಾನು ಅದನ್ನೇ ಆರಿಸಿದ್ದು.

ಏಜೆಂಟ್ ಆಗಿ ಕೂತವರು ಯಾವ ಪ್ರಶ್ನೆ ಮೊದಲು ಕೇಳಿದರು ಅನ್ನುವುದನ್ನಷ್ಟೇ ಗಮನಿಸಿ. ಬೀಪ್, ಲೈಟ್ ಬಿಟ್ಟು ನೇರವಾಗಿ "ರೂಟರ್ ರೀಸ್ಟಾರ್ಟ್ ಮಾಡಿ ಸರ್" ಅಂದರೆ ನಿಲ್ಲಿಸಿ ಮತ್ತೆ ಶುರು ಮಾಡಿಸಿ. ಉತ್ತರ ಸರಿ ಬಂದಿತೇ ಅನ್ನುವುದು ಆಮೇಲೆ. ಊಹೆ ಮಾಡಿ ಸರಿಯಾಗಿ ಹೇಳಿದವರು ಮುಂದಿನ ಕರೆಯಲ್ಲಿ ಊಹೆ ಮಾಡಿಯೇ ತಪ್ಪುತ್ತಾರೆ.

ಇಡೀ ತಂಡಕ್ಕೆ ಕಲಿಸುವ ಮೊದಲು ಇಬ್ಬರು ಹೊಸಬರು, ಒಬ್ಬರು ಹಳಬರ ಮುಂದೆ ಒಮ್ಮೆ ನಡೆಸಿ ನೋಡಿ. ಡೆಕ್ ಮಾಡಲು ಬಳಸದ ಮೂರು ಹಳೆಯ ಟಿಕೆಟ್‌ಗಳನ್ನು ಕೊಟ್ಟು ಯಾವ ಕವಲು ಅಂತ ಕೇಳಿ. ಹೊಸಬರು ತಪ್ಪಿದರೆ ಸ್ಲೈಡ್ ಸ್ಪಷ್ಟವಾಗಿಲ್ಲ. ಹಳಬರು "ಇದು ಹೀಗಲ್ಲ" ಅಂದರೆ ನಿಮ್ಮ ಪಟ್ಟಿಯಲ್ಲಿ ಇಲ್ಲದ ಕಾರಣ ಒಂದು ಇದೆ. ಅವರನ್ನು ಕೂರಿಸಿಕೊಂಡು ಕೇಳಿ.

## ಫಲ ಸಿಕ್ಕಿತಾ ಅಂತ ನೋಡುವುದು

ತರಗತಿ ಮುಗಿದಾಗ ಕೊಡುವ ಫೀಡ್‌ಬ್ಯಾಕ್ ಫಾರ್ಮ್‌ನಿಂದ ಇದು ತಿಳಿಯುವುದಿಲ್ಲ. ಎರಡು ಸಂಖ್ಯೆ ನೋಡಿ, ಪ್ರತಿ ಸಮಸ್ಯೆಗೂ ಬೇರೆಬೇರೆಯಾಗಿ. ಒಂದು, ಅದೇ ಗ್ರಾಹಕರು ಅದೇ ಸಮಸ್ಯೆಗೆ ಏಳು ದಿನದೊಳಗೆ ಮತ್ತೆ ಬಂದದ್ದು ಎಷ್ಟು. ಇನ್ನೊಂದು, ವಾಪಸ್ ಬಂದ ಕ್ಯಾಮೆರಾಗಳಲ್ಲಿ ಪರೀಕ್ಷೆ ಮಾಡಿದಾಗ ಏನೂ ದೋಷ ಸಿಗದವು ಎಷ್ಟು. ಡೆಕ್ ಕೆಲಸ ಮಾಡುತ್ತಿದ್ದರೆ ಎರಡೂ ಇಳಿಯುತ್ತವೆ. ಒಟ್ಟು ಟಿಕೆಟ್ ಸಂಖ್ಯೆ ಇಳಿಯಬೇಕು ಅಂತ ನಿರೀಕ್ಷಿಸಬೇಡಿ. ಏಜೆಂಟ್ ಎಷ್ಟೇ ಕಲಿತರೂ ಮೊದಲ ಕರೆ ಬಂದೇ ಬರುತ್ತದೆ.

ಶುರುವಿನ ಒಂದೆರಡು ವಾರ ಕರೆಯ ಅವಧಿ ಸ್ವಲ್ಪ ಜಾಸ್ತಿಯೂ ಆಗಬಹುದು. ಮೊದಲು ಎರಡು ನಿಮಿಷದಲ್ಲಿ ರೀಸೆಟ್ ಹೇಳಿ ಇಡುತ್ತಿದ್ದವರು ಈಗ ಕೇಳಿ, ನೋಡಿಸಿ, ಸರಿಮಾಡಿಸುತ್ತಿದ್ದಾರೆ. ಕರೆಯ ಅವಧಿ ಮಾತ್ರ ನೋಡುವ ಮ್ಯಾನೇಜರ್ ಇದ್ದರೆ ಇದನ್ನು ಮೊದಲೇ ಹೇಳಿಡಿ. ಇಲ್ಲದಿದ್ದರೆ ತಂಡ ಹಳೆಯ ಅಭ್ಯಾಸಕ್ಕೇ ಹೋಗುತ್ತದೆ.

ಒಂದು ಸಮಸ್ಯೆಯಲ್ಲಿ ಮಾತ್ರ ಸಂಖ್ಯೆ ಇಳಿಯದಿದ್ದರೆ ಆ ಸಮಸ್ಯೆಯ 20 ಟಿಕೆಟ್ ತೆಗೆದು ಓದಿ. ಬೇರ್ಪಡಿಸುವ ಪ್ರಶ್ನೆ ಕೇಳಿದ್ದಾರಾ ಅಂತ ಮೊದಲು ನೋಡಿ. ಕೇಳಿಲ್ಲ ಅಂದರೆ ಇನ್ನೊಮ್ಮೆ ಅಭ್ಯಾಸ ಬೇಕು. ಕೇಳಿದರೂ ಆಗಿಲ್ಲ ಅಂದರೆ ಕವಲು ತಪ್ಪಿದೆ, ಕ್ಯಾಮೆರಾ ಹಿಡಿದು ಮತ್ತೆ ಕೂರಬೇಕು.

## ಡೆಕ್ ಹಳತಾಗದಂತೆ

ಪ್ರತಿ ಸ್ಲೈಡಿನ ಮೂಲೆಯಲ್ಲಿ ಸಣ್ಣದಾಗಿ ಆ್ಯಪ್ ಆವೃತ್ತಿ, ಪರೀಕ್ಷಿಸಿದ ದಿನಾಂಕ ಹಾಕಿ. ಡೆಕ್ ಯಾರ ಜವಾಬ್ದಾರಿ ಅಂತ ಒಬ್ಬರ ಹೆಸರು ಇರಲಿ, ತಂಡದ ಹೆಸರಲ್ಲ. ಆ್ಯಪ್ ಬಿಡುಗಡೆಯ ಪಟ್ಟಿಯಲ್ಲಿ ಅವರಿಗೂ ಮೆಸೇಜ್ ಹೋಗಬೇಕು. ಪರದೆಯಲ್ಲಿ ಒಂದು ಬಟನ್ ಜಾಗ ಬದಲಾದರೂ ಏಜೆಂಟ್ "ಬಲಗಡೆ ಮೇಲೆ ಒತ್ತಿ" ಅನ್ನುತ್ತಾರೆ, ಗ್ರಾಹಕರಿಗೆ ಅಲ್ಲಿ ಏನೂ ಇರುವುದಿಲ್ಲ.

ಮೂರು ತಿಂಗಳಿಗೊಮ್ಮೆ ಹೊಸದಾಗಿ 200 ಟಿಕೆಟ್ ತೆಗೆದು ಲೆಕ್ಕ ಹಾಕಿ. ಹೊಸ ಸಮಸ್ಯೆ ಒಳಗೆ ಬಂದರೆ ಒಂದು ಹಳೆಯದು ಹೊರಗೆ ಹೋಗಬೇಕು. ತೆಗೆದ ಸ್ಲೈಡ್‌ಗಳನ್ನು ಅಳಿಸಬೇಡಿ, ಬೇರೆ ಫೈಲ್‌ನಲ್ಲಿ ಇಡಿ. ಹಳೆಯ ಫರ್ಮ್‌ವೇರ್ ಇರುವ ಕ್ಯಾಮೆರಾಗಳು ಮನೆಗಳಲ್ಲಿ ವರ್ಷಗಟ್ಟಲೆ ಓಡುತ್ತಿರುತ್ತವೆ.

ಇದೇ ಲೆಕ್ಕದ ಶೀಟ್ ಪ್ರಾಡಕ್ಟ್ ತಂಡಕ್ಕೂ ಹೋಗಲಿ, ಬರೀ ಸಂಖ್ಯೆಯಾಗಿ ಅಲ್ಲ, ಗ್ರಾಹಕರ ವಾಕ್ಯಗಳ ಜೊತೆಗೆ. "ಕನೆಕ್ಷನ್ ವಿಫಲ" ಅನ್ನುವ ಬದಲು "ಪಾಸ್‌ವರ್ಡ್ ತಪ್ಪಾಗಿದೆ" ಅಂತ ಆ್ಯಪೇ ಹೇಳುವಂತೆ ಮಾಡಿದರೆ ಎರಡನೇ ಕವಲಿನ ಒಂದು ಕಾರಣ ಕರೆಯ ತನಕ ಬರುವುದೇ ಇಲ್ಲ. ಆ ಬದಲಾವಣೆ ಬಿಡುಗಡೆಯಾದ ದಿನ ನಾಲ್ಕನೇ ಸ್ಲೈಡಿನಿಂದ ಆ ಸಾಲು ತೆಗೆದು, ದಿನಾಂಕ ಬದಲಿಸಿ, ತಂಡಕ್ಕೆ ತಿಳಿಸಿ.